ಪಾವತಿಸಿದ ಸಾಲವೋ, ಪಾವತಿಸದ ಸಾಲವೋ? ಅರ್ಜಿ ಕನ್ನಡವನ್ನು ತಿದ್ದುವ ಬಗೆ

ಕೆಳಗಿನ ವಾಕ್ಯವನ್ನು ಒಮ್ಮೆ ನಿಧಾನವಾಗಿ ಓದಿ. ವಕೀಲರ ನೋಟಿಸುಗಳಲ್ಲಿ ಕಾಣುವ ಧಾಟಿಯಲ್ಲೇ ಇದೆ, ಮಾದರಿಗೆಂದು ನಾನೇ ಬರೆದದ್ದು.

"ನೀವು ಪಾವತಿಸಿದ ಸಾಲದ ಬಾಬ್ತು ನಮ್ಮ ಕಕ್ಷಿದಾರರಿಗೆ ನೀಡಿದ ಇಪ್ಪತ್ತು ಐದು ಸಾವಿರ ರೂಪಾಯಿಗಳ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿದ್ದು, ಈ ನೋಟಿಸು ತಲುಪಿದ 15 ದಿನ ಗಳೊಳಗೆ ಸದರಿ ಮೊತ್ತವನ್ನು ಸಂದಾಯ ಮಾಡದಿದ್ದಲ್ಲಿ ನಿಮ್ಮ ವಿರುದ್ದ ಕಾನೂನು ಕ್ರಮ ಜರುಗಿಸ ಲಾಗುವುದು."

ಕನ್ನಡ ಬಲ್ಲವರ ಕಣ್ಣು ಮೊದಲು ಹೋಗುವುದು 'ವಿರುದ್ದ'ದ ಮೇಲೆ. ದಕ್ಕೆ ಧ ಒತ್ತು ಬರಬೇಕು, 'ವಿರುದ್ಧ' ಆಗಬೇಕು. ಆಮೇಲೆ 'ದಿನ ಗಳೊಳಗೆ' ಮತ್ತು 'ಜರುಗಿಸ ಲಾಗುವುದು' ಎಂಬಲ್ಲಿ ಪದ ಮುರಿದಿರುವುದು ಕಾಣುತ್ತದೆ. ಈ ಮೂರೂ ತಪ್ಪುಗಳೇ, ತಿದ್ದಬೇಕಾದವೇ. ಆದರೆ ಈ ಮೂರನ್ನು ಹಾಗೆಯೇ ಬಿಟ್ಟರೂ ನೋಟಿಸಿನ ಅರ್ಥ ಕೆಡುವುದಿಲ್ಲ. ಅರ್ಥವನ್ನು ಕೆಡಿಸುವ ಎರಡು ತಪ್ಪುಗಳು ಕಣ್ಣಿಗೆ ಬೀಳದೆ ಕುಳಿತಿವೆ. ಚೆಕ್ಕು ಕೊಟ್ಟದ್ದು 'ಪಾವತಿಸದ' ಸಾಲಕ್ಕೆ, ಅಂದರೆ ಇನ್ನೂ ತೀರದ ಸಾಲಕ್ಕೆ. ಇಲ್ಲಿ ಅದು 'ಪಾವತಿಸಿದ' ಸಾಲ, ತೀರಿಹೋದ ಸಾಲ ಆಗಿದೆ. ಇನ್ನು ಚೆಕ್ಕಿನ ಮೊತ್ತ 75,000 ರೂಪಾಯಿ ಎಂದಿಟ್ಟುಕೊಳ್ಳಿ. ಅಕ್ಷರದಲ್ಲಿ 'ಎಪ್ಪತ್ತೈದು' ಎಂದು ಬರಬೇಕಿದ್ದದ್ದು 'ಇಪ್ಪತ್ತು ಐದು' ಆಗಿದೆ. ಇವೆರಡರಲ್ಲೂ ಕಾಗುಣಿತದ ದೋಷ ಇಲ್ಲ. 'ಪಾವತಿಸಿದ' ಶುದ್ಧ ಕನ್ನಡ ಪದ, 'ಇಪ್ಪತ್ತು' ಕೂಡ. ಕಂಪ್ಯೂಟರಿನ ಪದಪರೀಕ್ಷಕ ಇವುಗಳ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ.

ನ್ಯಾಯಾಲಯದ ಕನ್ನಡ ಅಶುದ್ಧವಾಗಿದೆ ಎಂಬ ದೂರು ಹಳೆಯದು. ದೂರುವವರು ಸಾಮಾನ್ಯವಾಗಿ ತೋರಿಸುವುದು ಸ್ವಾದೀನ, ಅದಿಕಾರ, ಸಂಭಂದ ಇತ್ಯಾದಿಗಳನ್ನು. ಅವು ನೋಡಲು ಅಸಹ್ಯ, ನಿಜ. ಆದರೆ 'ಸ್ವಾದೀನ' ಎಂದು ಬರೆದ ಮಾತ್ರಕ್ಕೆ ಯಾರ ಜಮೀನೂ ಕೈತಪ್ಪಿ ಹೋಗುವುದಿಲ್ಲ. ಓದುವವರಿಗೆ 'ಸ್ವಾಧೀನ' ಎಂದೇ ಅರ್ಥವಾಗುತ್ತದೆ. ಕರಡು ತಿದ್ದುವವರಿಗೆ ಸಿಗುವ ಸಮಯ ಕಡಿಮೆ. ಆ ಸಮಯವನ್ನೆಲ್ಲ ಕಣ್ಣಿಗೆ ರಾಚುವ ತಪ್ಪುಗಳಿಗೇ ಕೊಟ್ಟು, ಹೌದು ಎಂಬುದನ್ನು ಅಲ್ಲ ಎಂದು ಮಾಡುವ ತಪ್ಪುಗಳನ್ನು ದಾಟಿಹೋಗುವುದು ನಮ್ಮಲ್ಲಿ ನಡೆಯುತ್ತಿರುವ ದೊಡ್ಡ ಲೋಪ. ಆದ್ದರಿಂದ ಈ ಬರಹದಲ್ಲಿ ನಿಷೇಧ ಅಡಗಿರುವ ಜಾಗಗಳನ್ನೇ ಮುಖ್ಯವಾಗಿ ನೋಡೋಣ.

ಕನ್ನಡ ಕ್ರಿಯಾಪದದಲ್ಲಿ 'ಮಾಡಿದ' ಮತ್ತು 'ಮಾಡದ' ಎಂಬುದರ ನಡುವೆ ಇರುವುದು ಒಂದು ಗುಡಿಸು ಮಾತ್ರ. ತಿಳಿಸಿದ, ತಿಳಿಸದ, ಹಾಜರುಪಡಿಸಿದ, ಹಾಜರುಪಡಿಸದ, ಸಹಿ ಮಾಡಿದ, ಸಹಿ ಮಾಡದ, ವಿಭಾಗಿಸಿದ, ವಿಭಾಗಿಸದ. ಪಾಲಿನ ದಾವೆಯೊಂದರಲ್ಲಿ "ಕುಟುಂಬದವರು ವಿಭಾಗಿಸಿದ ಆಸ್ತಿ" ಎಂದು ಬಿದ್ದುಬಿಟ್ಟರೆ, ಪಾಲು ಕೇಳಲು ಬಂದ ವಾದಿಯೇ ಪಾಲು ಈಗಾಗಲೇ ಆಗಿದೆ ಎಂದು ಒಪ್ಪಿಕೊಂಡಂತೆ ಕಾಣುತ್ತದೆ. ಎದುರು ವಕೀಲರು ಪಾಟೀಸವಾಲಿನಲ್ಲಿ ಆ ಸಾಲನ್ನೇ ಹಿಡಿದು ನಿಲ್ಲಿಸಿದರೆ, ಸಾಕ್ಷಿ ಕಟ್ಟೆಯಲ್ಲಿ ನಿಂತ ರೈತ ಅದು ಟೈಪಿಂಗ್ ತಪ್ಪು ಎಂದು ವಿವರಿಸುತ್ತ ಕೂರಬೇಕು. ನ್ಯಾಯಾಲಯ ವಾದಪತ್ರವನ್ನು ಇಡಿಯಾಗಿ ಓದಿ ಉದ್ದೇಶವನ್ನು ಗ್ರಹಿಸುತ್ತದೆ, ಒಂದು ಅಕ್ಷರ ಹಿಡಿದು ದಾವೆ ವಜಾ ಮಾಡುವುದಿಲ್ಲ. ಆದರೂ ಆ ವಿವರಣೆಗೆ ಒಂದು ಅರ್ಜಿ, ಅದಕ್ಕೊಂದು ಆಕ್ಷೇಪಣೆ, ಮೂರೋ ನಾಲ್ಕೋ ವಾಯಿದೆ ಬೇಕಾಗುತ್ತದೆ.

ಈ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಕೀಲಿಮಣೆಯ ಮೇಲೆ ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಕೋರ್ಟಿನ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ 'ನುಡಿ' ಬಳಕೆ ವ್ಯಾಪಕ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಅದರ ಕೀಲಿಮಣೆಯಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ತಾನಾಗಿ ಸೇರಿರುತ್ತದೆ. ಬೇರೆ ಸ್ವರ ಬೇಕಾದರೆ ಅದರ ಕೀಲಿಯನ್ನು ಒತ್ತಬೇಕು. 'ಸಿದ' ಎನ್ನಲು s, i, d ಎಂಬ ಮೂರು ಕೀಲಿ, 'ಸದ' ಎನ್ನಲು s, d ಎಂಬ ಎರಡು ಕೀಲಿ. ಒಂದು i ತಪ್ಪಿದರೆ ಅಥವಾ ಅಭ್ಯಾಸಬಲದಿಂದ ಒಂದು i ಹೆಚ್ಚು ಬಿದ್ದರೆ ಅರ್ಥ ತಿರುಗುಮುರುಗಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲಕ್ಕೂ ಇಲ್ಲಿಯೇ ಒಂದು ಕಾರಣ ಸಿಗುತ್ತದೆ. ದ ಎಂದರೆ d, ಧ ಎಂದರೆ ಶಿಫ್ಟ್ ಹಿಡಿದು D. ಬ ಎಂದರೆ b, ಭ ಎಂದರೆ B. ಸೊನ್ನೆಗೆ M. 'ಸಂಬಂಧ' ಎಂದು ಬರೆಯಲು s M b M D ಎಂದು ಒತ್ತಬೇಕು, ಅಂದರೆ ಶಿಫ್ಟನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಅವಸರದಲ್ಲಿ ಮಧ್ಯೆ ಬಿಡದೆ, ಕೊನೆಗೆ ಬೇಗ ಬಿಟ್ಟುಬಿಟ್ಟರೆ s M B M d ಆಗುತ್ತದೆ. ಅದೇ ನಾವು ಎಲ್ಲೆಡೆ ನೋಡುವ 'ಸಂಭಂದ'. 'ಬಾಧ್ಯತೆ' ಎಂಬುದು 'ಭಾದ್ಯತೆ' ಆಗುವುದೂ ಇದೇ ದಾರಿಯಲ್ಲಿ. ಮಹಾಪ್ರಾಣ ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಉಚ್ಚಾರಣೆಯ ರೂಢಿಯೂ ಕಾರಣವೇ, ಆದರೆ ಬೆರಳಿನ ಪಾಲನ್ನು ಮರೆಯಬಾರದು.

ಲ ಮತ್ತು ಳ ಕೂಡ ಇಂಥದೇ ಜೋಡಿ: l ಮತ್ತು L. ಜಮೀನಿನ ವ್ಯಾಜ್ಯದಲ್ಲಿ ಇದು ಬರಿಯ ಅಂದಚಂದದ ಪ್ರಶ್ನೆ ಅಲ್ಲ. 'ಪಾಲು ಜಮೀನು' ಎಂದರೆ ಹಂಚಿಕೆಯಲ್ಲಿ ಬಂದದ್ದು, 'ಪಾಳು ಜಮೀನು' ಎಂದರೆ ಬಿತ್ತದೆ ಬಿಟ್ಟದ್ದು. 'ಬೆಳೆ ನಷ್ಟ' ಬೇರೆ, 'ಬೆಲೆ ನಷ್ಟ' ಬೇರೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ 'ಹೊಲ' ಎಂದು ಬರೆಯುವಲ್ಲಿ 'ಹೊಳೆ' ಎಂದು ಬಂದರೆ, ಮುಂದೆ ಡಿಕ್ರಿ ಜಾರಿಗೆ ಬರುವ ಅಮೀನರು ಇಲ್ಲದ ಹೊಳೆಯನ್ನು ಹುಡುಕಬೇಕಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 3 ಹೇಳುವುದೇ ಇದನ್ನು: ಸ್ಥಿರಾಸ್ತಿಯ ದಾವೆಯಲ್ಲಿ ಆ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರ ಕೊಡಬೇಕು, ಗಡಿಯಿಂದಲೋ ಸರ್ವೆ ನಂಬರಿನಿಂದಲೋ ಗುರುತಿಸಬಹುದಾದರೆ ಅವನ್ನು ಬರೆಯಬೇಕು.

ಇನ್ನು ಪದ ಕೂಡಿಸುವ ಪ್ರಶ್ನೆಗೆ ಬರೋಣ. ಅರ್ಜಿಗಳಲ್ಲಿ ಎರಡು ಅತಿಗಳನ್ನೂ ಕಾಣಬಹುದು. ಒಂದು ಕಡೆ, ಒಂದೇ ಪದವನ್ನು ಮುರಿಯುವುದು: 'ಪ್ರತಿವಾದಿ ಗಳು', 'ವಾದಿ ಯು', 'ಮಾಡ ತಕ್ಕದ್ದು', 'ಕಾನೂನು ಬದ್ಧ ವಾಗಿ'. ಪ್ರತ್ಯಯ ಎಂದೂ ಒಂಟಿಯಾಗಿ ನಿಲ್ಲುವುದಿಲ್ಲ. ಗಳು, ಯು, ಅನ್ನು, ಇಂದ, ಅಲ್ಲಿ ಇವು ಹಿಂದಿನ ಪದಕ್ಕೆ ಅಂಟಿಕೊಂಡೇ ಇರಬೇಕು. ಹಳೆಯ ಕರಡಿನಲ್ಲಿ ಸಾಲು ಮುಗಿಯಿತೆಂದು ಮುರಿದಿದ್ದ ಪದವನ್ನು ಹೊಸದಾಗಿ ಟೈಪು ಮಾಡುವಾಗ, ಸಾಲಿನ ನಡುವೆ ಬಂದರೂ ಹಾಗೆಯೇ ಬಿಡುವುದರಿಂದ ಇಂಥವು ಬಹಳ ಹುಟ್ಟುತ್ತವೆ. ಇಂಗ್ಲಿಷ್ ಪದಕ್ಕೆ ವಿಭಕ್ತಿ ಹಚ್ಚುವಾಗಲೂ ತೊಡಕು. 'ಕೋರ್ಟ್ ನಲ್ಲಿ', 'ಬ್ಯಾಂಕ್ ನ', 'ಚೆಕ್ ನ' ಎಂದು ಬಿಡಿಸಿದರೆ ತಪ್ಪು. ಕೂಡಿಸಿದರೆ ತೆರೆಯ ಮೇಲೆ ನಕಾರ ಒತ್ತಾಗಿ ಬಿದ್ದು ಓದಲಾಗದ ಆಕಾರ ಬರುತ್ತದೆ. ಇದಕ್ಕೆ ಕನ್ನಡದಲ್ಲೇ ಸುಲಭ ಪರಿಹಾರ ಇದೆ: ಕೋರ್ಟಿನಲ್ಲಿ, ಬ್ಯಾಂಕಿನ, ಚೆಕ್ಕಿನ. ಊರಿನ ಜನ ಆಡುವುದೂ ಹೀಗೆಯೇ.

ಇನ್ನೊಂದು ಕಡೆ, ಬಿಡಿಸಿ ಬರೆಯಬೇಕಾದಲ್ಲಿ ಕೂಡಿಸುವುದು. ಅರ್ಥಕ್ಕೆ ಹೆಚ್ಚು ಅಪಾಯ ಇರುವುದು ಇಲ್ಲಿ. ಕಾನೂನಿನ ಕನ್ನಡದಲ್ಲಿ ಅಕಾರದಿಂದ ಆರಂಭವಾಗುವ ನಿಷೇಧದ ಪದಗಳು ಎಷ್ಟಿವೆ ನೋಡಿ: ಅವಿಭಕ್ತ, ಅಪ್ರಾಪ್ತ, ಅಸಿಂಧು, ಅಕ್ರಮ, ಅಸಮ್ಮತ, ಅನೂರ್ಜಿತ. ಇವುಗಳಲ್ಲಿ ನಿಷೇಧವನ್ನು ಹೊತ್ತಿರುವುದು ಮೊದಲಕ್ಷರ. ಸಂಧಿಯಾದಾಗ ಹಿಂದಿನ ಪದದೊಳಗೆ ಕರಗಿಹೋಗುವುದೂ ಅದೇ ಮೊದಲಕ್ಷರ. 'ವಾದಿಯ ಅಪ್ರಾಪ್ತ ವಯಸ್ಕ ಮಗ' ಎಂಬುದನ್ನು 'ವಾದಿಯಪ್ರಾಪ್ತ ವಯಸ್ಕ ಮಗ' ಎಂದು ಕೂಡಿಸಿ ಬರೆದರು ಎನ್ನಿ. ಲೋಪಸಂಧಿಯ ದೃಷ್ಟಿಯಿಂದ ಕೂಡಿಕೆ ಸರಿಯೇ. ಮುಂದಿನ ಕರಡಿನಲ್ಲಿ ಇನ್ನೊಬ್ಬರು ಇದು ತುಂಬಾ ಉದ್ದವಾಯಿತೆಂದು ಬಿಡಿಸುತ್ತಾರೆ: 'ವಾದಿಯ ಪ್ರಾಪ್ತ ವಯಸ್ಕ ಮಗ'. ಬಿಡಿಸಿದ್ದೂ ವ್ಯಾಕರಣಬದ್ಧವೇ. ಆದರೆ ಮೈನರ್ ಹುಡುಗ ಎರಡು ಹೆಜ್ಜೆಗಳಲ್ಲಿ ಮೇಜರ್ ಆಗಿಬಿಟ್ಟ. ಅಪ್ರಾಪ್ತ ವಯಸ್ಕನ ಪರವಾಗಿ ವಾದಮಿತ್ರರು ದಾವೆ ಹೂಡಬೇಕು, ಅವನ ವಿಷಯದಲ್ಲಿ ಕಾಲಮಿತಿಯ ಲೆಕ್ಕವೂ ಬೇರೆ. ಅಕಾರ ಒಂದು ಅಳಿಸಿದ್ದರಿಂದ ಇಷ್ಟೆಲ್ಲ ಗೊಂದಲಕ್ಕೆ ದಾರಿಯಾಗುತ್ತದೆ. 'ಹಿಂದೂ ಅವಿಭಕ್ತ ಕುಟುಂಬ' ಎಂಬುದು ಅವಸರದ ಕೈಯಲ್ಲಿ 'ಹಿಂದೂವಿಭಕ್ತ ಕುಟುಂಬ' ಆದರೆ, ಒಟ್ಟಿಗಿದ್ದ ಮನೆ ಕಾಗದದ ಮೇಲೆ ಒಡೆದ ಮನೆಯಾಗುತ್ತದೆ. 'ಕ್ರಯಪತ್ರವು ಅಸಿಂಧು' ಎನ್ನುವುದನ್ನು 'ಕ್ರಯಪತ್ರವಸಿಂಧು' ಎಂದು ಕೂಡಿಸಿದರೆ, ಓದುವ ಕಣ್ಣು 'ಸಿಂಧು' ಎಂಬುದನ್ನೇ ಹಿಡಿಯುವ ಸಂಭವ ಹೆಚ್ಚು.

ಇದಕ್ಕೆ ಉತ್ತರ ನಾವು ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲೇ ಇದೆ. ಲೋಪಸಂಧಿಯ ಸೂತ್ರ ಹೇಳಿಕೊಡುವಾಗ ಮೇಷ್ಟ್ರು ಒಂದು ಷರತ್ತು ಸೇರಿಸುತ್ತಿದ್ದರು: ಅರ್ಥ ಕೆಡದಿದ್ದರೆ ಮಾತ್ರ ಸ್ವರ ಲೋಪವಾಗುತ್ತದೆ. ಪರೀಕ್ಷೆಗೆಂದು ಉದಾಹರಣೆಗಳನ್ನು ಬಾಯಿಪಾಠ ಮಾಡಿದ ನಾವು ಆ ಷರತ್ತನ್ನು ಮರೆತಿದ್ದೇವೆ. ಕನ್ನಡ ಪದಗಳ ನಡುವೆ ಎಲ್ಲೆಡೆ ಸಂಧಿ ಮಾಡಲೇಬೇಕೆಂಬ ಕಡ್ಡಾಯ ಇಲ್ಲ. ಅರ್ಜಿಯ ಬರವಣಿಗೆಯಲ್ಲಿ ನಾನು ಪಾಲಿಸುವ, ಬೇರೆಯವರಿಗೂ ಹೇಳುವ ನಿಯಮ ಇಷ್ಟೇ: ನಿಷೇಧದ ಅಕಾರದಿಂದ ಶುರುವಾಗುವ ಪದವನ್ನು ಹಿಂದಿನ ಪದಕ್ಕೆ ಎಂದೂ ಕೂಡಿಸಬೇಡಿ. ಅದರ ಮುಂದೆ ಖಾಲಿ ಜಾಗ ಬಿಡಿ. ಇದಕ್ಕೆ ಎದುರಾಗಿ, ವಾಕ್ಯದ ಕೊನೆಯಲ್ಲಿ ಬರುವ ನಿಷೇಧವನ್ನು ಕ್ರಿಯಾಪದದಿಂದ ಬಿಡಿಸಬೇಡಿ. 'ಇರುವುದಿಲ್ಲ', 'ಕೊಟ್ಟಿಲ್ಲ', 'ತಕ್ಕದ್ದಲ್ಲ', 'ಮಾಡಕೂಡದು' ಇವು ಒಂದೇ ಪದವಾಗಿ ನಿಲ್ಲಲಿ. 'ಇರುವುದು ಇಲ್ಲ' ಎಂದು ಬಿಡಿಸಿ, 'ಇಲ್ಲ' ಎಂಬುದು ಮುಂದಿನ ಪುಟಕ್ಕೆ ಹೋಗಿಬಿಟ್ಟರೆ, ಈ ಪುಟದ ಕೊನೆಯ ಸಾಲು ಒಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ.

ಸಂಸ್ಕೃತ ಪದಗಳಲ್ಲಿ ಕೂಡಿಸಿದ್ದೇ ಸರಿಯಾದ ರೂಪವಾಗಿರುವುದು ಹೆಚ್ಚು. ಸಾಕ್ಷ್ಯ ಮತ್ತು ಆಧಾರ ಸೇರಿದರೆ 'ಸಾಕ್ಷ್ಯಾಧಾರ', 'ಸಾಕ್ಷಾಧಾರ' ತಪ್ಪು. ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವ ವ್ಯಕ್ತಿ, ಸಾಕ್ಷ್ಯ ಎಂದರೆ ಅವರು ಹೇಳಿದ್ದು. ಯಕಾರ ಬಿಟ್ಟರೆ ಈ ಭೇದವೇ ಅಳಿಸುತ್ತದೆ. 'ನಿರ್ಬಂಧಕಾಜ್ಞೆ', 'ತಡೆಯಾಜ್ಞೆ', 'ಪುನರ್ವಿಚಾರಣೆ' ಇವು ಕೂಡಿಯೇ ಇರಬೇಕು. ಆದರೆ ಇಲ್ಲೂ ಒಂದು ಅಪವಾದ ಇದೆ, ಅದನ್ನು ನೋಂದಣಿ ಕಚೇರಿಯ ಹಳೆಯ ಬರಹಗಾರರು ಚೆನ್ನಾಗಿ ಬಲ್ಲರು. ದಾನಪತ್ರ, ಉಯಿಲುಗಳಲ್ಲಿ 'ನನ್ನ ಸ್ವಇಚ್ಛೆಯಿಂದ' ಎಂದು ಬರೆಯುತ್ತಾರೆ. ಗುಣಸಂಧಿ ಮಾಡಿದರೆ 'ಸ್ವೇಚ್ಛೆಯಿಂದ' ಆಗಬೇಕು. ಆದರೆ ಕನ್ನಡದಲ್ಲಿ ಸ್ವೇಚ್ಛೆ ಎಂದರೆ ಲಗಾಮಿಲ್ಲದ ನಡತೆ. ಬೇರೆಯವರ ಒತ್ತಾಯ ಇಲ್ಲದೆ ಬರೆದೆ ಎಂಬುದೇ ಆ ಪತ್ರದ ಜೀವಾಳವಾಗಿರುವಾಗ, ಸಂಧಿಯ ಹೆಸರಿನಲ್ಲಿ 'ಸ್ವೇಚ್ಛೆ' ಎಂದು ತಿದ್ದುವುದು ಪತ್ರಕ್ಕೆ ಮಾಡುವ ಅಪಚಾರ. 'ಸ್ವಇಚ್ಛೆ'ಯನ್ನು ಹಾಗೆಯೇ ಬಿಡಬೇಕು. 'ಸ್ವಯಾರ್ಜಿತ'ವೂ ಹೀಗೆಯೇ. ಸೂತ್ರದ ಪ್ರಕಾರ ಸ್ವಯಮರ್ಜಿತ ಅಥವಾ ಸ್ವಾರ್ಜಿತ ಎಂದಾಗಬೇಕಿತ್ತು. ಆದರೆ ಕೋರ್ಟಿನ ಕನ್ನಡದಲ್ಲಿ ಸ್ವಯಾರ್ಜಿತ ಎಂಬುದಕ್ಕೆ ನಿಶ್ಚಿತ ಅರ್ಥ ನೆಲೆಗೊಂಡಿದೆ, ಅದನ್ನು ಕದಲಿಸಿದರೆ ಓದುವವರಿಗೆ ಅನುಮಾನವೇ ಹೆಚ್ಚುತ್ತದೆ.

ತಿದ್ದಬಾರದ ಇನ್ನೊಂದು ವರ್ಗ ಹೆಸರುಗಳು. ಕ್ರಯಪತ್ರದಲ್ಲಿ 'ಲಕ್ಷಮ್ಮ' ಎಂದಿದ್ದು, ಆಧಾರ್ ಕಾರ್ಡಿನಲ್ಲಿ 'ಲಕ್ಷ್ಮಮ್ಮ' ಎಂದಿದ್ದರೆ, ವ್ಯಾಕರಣ ಬಲ್ಲವರು ಕ್ರಯಪತ್ರದ ರೂಪವನ್ನು ಸದ್ದಿಲ್ಲದೆ ಸರಿಪಡಿಸಬಾರದು. 'ಲಕ್ಷ್ಮಮ್ಮ ಉರುಫ್ ಲಕ್ಷಮ್ಮ' ಎಂದು ಎರಡನ್ನೂ ಕಾಣಿಸಬೇಕು, ಇಬ್ಬರೂ ಒಬ್ಬರೇ ಎಂದು ವಾದಪತ್ರದಲ್ಲಿ ಒಂದು ಸಾಲು ಬರೆಯಬೇಕು. ಊರಿನ ಹೆಸರು ಪಹಣಿಯಲ್ಲಿ ಹೇಗಿದೆಯೋ ಹಾಗೆ. ದಾಖಲೆಯಿಂದ ಉಲ್ಲೇಖಿಸುವ ಮಾತು ತಪ್ಪಿದ್ದರೆ ತಪ್ಪಿನೊಂದಿಗೇ ಬರಬೇಕು.

ಈಗ ಮತ್ತೆ ಚೆಕ್ಕಿನ ನೋಟಿಸಿಗೆ ಬರೋಣ, ಏಕೆಂದರೆ ಅಲ್ಲಿ ತಪ್ಪನ್ನು ಸರಿಪಡಿಸುವ ಅವಕಾಶ ತೀರ ಕಡಿಮೆ. ವಾದಪತ್ರದಲ್ಲಿ ತಪ್ಪಾದರೆ ಆರ್ಡರ್ 6 ರೂಲ್ 17ರ ಅಡಿ ತಿದ್ದುಪಡಿಗೆ ಅರ್ಜಿ ಹಾಕಬಹುದು. ವಿಚಾರಣೆ ಆರಂಭವಾದ ಮೇಲಾದರೆ, ಎಷ್ಟೇ ಎಚ್ಚರ ವಹಿಸಿದ್ದರೂ ಮೊದಲೇ ತರಲಾಗುತ್ತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ಅನುಮತಿ ಸಿಕ್ಕ ಮೇಲೆ ಕೊಟ್ಟ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 14 ದಿನಗಳಲ್ಲಿ ತಿದ್ದಬೇಕು. ತೀರ್ಪು, ಡಿಕ್ರಿಗಳಲ್ಲಿ ಬಿದ್ದ ಕೈತಪ್ಪನ್ನು 152ನೇ ಕಲಮಿನಡಿ ಯಾವಾಗ ಬೇಕಾದರೂ ಸರಿಪಡಿಸಬಹುದು. ನೋಟಿಸಿಗೆ ಈ ಸೌಲಭ್ಯ ಇಲ್ಲ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ, ಚೆಕ್ಕು ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಚೆಕ್ಕಿನ ಮೊತ್ತವನ್ನು ಕೇಳಿ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಎದುರಿನವರಿಗೆ ಹಣ ಕೊಡಲು 15 ದಿನ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ಕಿನ ಮೊತ್ತ 1 ಕೋಟಿ ರೂಪಾಯಿ, ನೋಟಿಸಿನಲ್ಲಿ ಕೇಳಿದ್ದು 2 ಕೋಟಿ. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಇದು ಶಿಕ್ಷೆ ವಿಧಿಸುವ ಕಲಮು, ಆದ್ದರಿಂದ ನೋಟಿಸಿನ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, ಇಲ್ಲದಿದ್ದರೆ ಆ ನೋಟಿಸು ಊರ್ಜಿತವಲ್ಲ ಎಂದಿತು.

ಆ ಪ್ರಕರಣದ ತಪ್ಪು ಅಂಕಿಯದು. ಕನ್ನಡದಲ್ಲಿ ಅಕ್ಷರವೂ ಅಷ್ಟೇ ಅಪಾಯಕಾರಿ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಮೊದಲಕ್ಷರ ಒಂದೇ ವ್ಯತ್ಯಾಸ, ನಡುವಿನ ಅಂತರ ಐವತ್ತು. 'ಎಪ್ಪತ್ತೈದು' ಎಂಬುದನ್ನು ಕೂಡಿಸಿಯೇ ಬರೆಯಬೇಕು. 'ಎಪ್ಪತ್ತು ಐದು ಸಾವಿರ' ಎಂದು ಬಿಡಿಸಿದರೆ ಎಪ್ಪತ್ತು ಎಲ್ಲಿಗೆ ಸೇರಿತು, ಐದು ಸಾವಿರ ಎಲ್ಲಿಗೆ ಸೇರಿತು ಎಂಬ ಪ್ರಶ್ನೆ ಏಳುತ್ತದೆ. ಸಾವಿರ, ಲಕ್ಷಗಳ ನಡುವೆ ಮಾತ್ರ ಜಾಗ ಬಿಡಬೇಕು: 'ಒಂದು ಲಕ್ಷದ ಎಪ್ಪತ್ತೈದು ಸಾವಿರ'. ಒಂದು, ಎರಡುಗಳ ಮೇಲೆ ಅರ್ಧ ಸೇರಿದಾಗ 'ಒಂದೂವರೆ', 'ಎರಡೂವರೆ' ಎಂದು ದೀರ್ಘ ಬರಬೇಕು. ನಮ್ಮ ಮಾದರಿ ನೋಟಿಸಿನಲ್ಲಿ ತಪ್ಪು ಗೊತ್ತಾದ ದಿನ 30 ದಿನಗಳ ಗಡುವು ಇನ್ನೂ ಮುಗಿಯದಿದ್ದರೆ, ತಡಮಾಡದೆ ಸರಿಯಾದ ಮೊತ್ತದ ಹೊಸ ನೋಟಿಸನ್ನು ಕಳುಹಿಸುವುದೇ ಕ್ಷೇಮ. ತಿದ್ದಿದ ವಾಕ್ಯ ಹೀಗಿರುತ್ತದೆ:

"ನೀವು ಪಾವತಿಸದ ಸಾಲದ ಬಾಬ್ತು ನಮ್ಮ ಕಕ್ಷಿದಾರರಿಗೆ ನೀಡಿದ ರೂ. 75,000 (ಎಪ್ಪತ್ತೈದು ಸಾವಿರ ರೂಪಾಯಿ) ಮೊತ್ತದ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿದೆ. ಈ ನೋಟಿಸು ತಲುಪಿದ 15 ದಿನಗಳೊಳಗೆ ಸದರಿ ಮೊತ್ತವನ್ನು ಸಂದಾಯ ಮಾಡದಿದ್ದಲ್ಲಿ ನಿಮ್ಮ ವಿರುದ್ಧ ಕಾನೂನು ಕ್ರಮ ಜರುಗಿಸಲಾಗುವುದು."

ಒಂದು ವಾಕ್ಯವನ್ನು ಎರಡು ಮಾಡಿದ್ದನ್ನು ಗಮನಿಸಿ. 'ಆಗಿದ್ದು', 'ಹಿಂದಿರುಗಿದ್ದು', 'ಇರುತ್ತಾ' ಎಂದು ಪುಟದುದ್ದಕ್ಕೂ ಎಳೆಯುವ ವಾಕ್ಯದಲ್ಲಿ ಒಂದು ಗುಡಿಸು ಹೆಚ್ಚಾದರೂ ಕಡಿಮೆಯಾದರೂ ಯಾರಿಗೂ ಕಾಣುವುದಿಲ್ಲ. ಚಿಕ್ಕ ವಾಕ್ಯದಲ್ಲಿ ಅದು ಕೂಡಲೇ ಎದ್ದು ಕಾಣುತ್ತದೆ.

ಕರಡು ಪರಿಶೀಲನೆಗೆ ನನಗೆ ತಿಳಿದ ಒಳ್ಳೆಯ ವಿಧಾನದಲ್ಲಿ ಇಬ್ಬರು ಬೇಕು. ಒಬ್ಬರು ಮೂಲ ದಾಖಲೆಗಳನ್ನು, ಅಂದರೆ ಚೆಕ್ಕು, ಪಹಣಿ, ಕ್ರಯಪತ್ರ ಹಿಡಿದು ಕೂರಬೇಕು. ಇನ್ನೊಬ್ಬರು ಕರಡನ್ನು ಗಟ್ಟಿಯಾಗಿ ಓದಬೇಕು. ಮೊದಲ ಸುತ್ತಿನಲ್ಲಿ ಅಂಕಿ, ಹೆಸರು, ದಿನಾಂಕ, ಚಕ್ಕುಬಂದಿ ಮಾತ್ರ. ಎರಡನೇ ಸುತ್ತಿನಲ್ಲಿ ಪೆನ್ಸಿಲ್ ಹಿಡಿದು ಪ್ರತಿಯೊಂದು ನಿಷೇಧದ ಪದಕ್ಕೂ ಸುತ್ತು ಹಾಕಬೇಕು: ಇಲ್ಲ, ಅಲ್ಲ, ಕೂಡದು, ದೆ, ದ, ಮತ್ತು ಅಕಾರದ ಪದಗಳು. ಸುತ್ತು ಹಾಕಿದ ಪ್ರತಿ ಜಾಗದಲ್ಲಿ ನಿಂತು, ಕಕ್ಷಿದಾರರು ಹೇಳಿದ್ದು ಇದನ್ನೇ ಎಂದು ಖಚಿತ ಮಾಡಿಕೊಳ್ಳಬೇಕು. ಜೊತೆಗೆ 'ಸಿದ', 'ಡಿದ', 'ಟ್ಟ' ಎಂದು ಮುಗಿಯುವ ಪದಗಳನ್ನೂ ನೋಡಬೇಕು, ಏಕೆಂದರೆ ಬಿದ್ದುಹೋದ ನಿಷೇಧಕ್ಕೆ ಸುತ್ತು ಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಒತ್ತಕ್ಷರ, ಮಹಾಪ್ರಾಣ, ಮುರಿದ ಪದ ಇವೆಲ್ಲ ಮೂರನೇ ಸುತ್ತಿಗೆ. ಹಳೆಯ ನುಡಿ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದ್ದರೆ ಮೂರೂ ಸುತ್ತುಗಳನ್ನು ಹೊಸದಾಗಿ ಮಾಡಬೇಕು, ಪರಿವರ್ತನೆಯಲ್ಲಿ ಒತ್ತಕ್ಷರಗಳು ಜಾಗ ತಪ್ಪುವುದುಂಟು. ಪ್ರಮಾಣಪತ್ರದಲ್ಲಿ ಕೈಯಿಂದ ತಿದ್ದಿದ್ದರೆ ತಿದ್ದಿದ ಪ್ರತಿ ಕಡೆಯೂ ಸಹಿ ಬೇಕು.

ವಾದಪತ್ರದ ಕೊನೆಯಲ್ಲಿ ಸತ್ಯಾಪನೆ ಎಂಬ ಭಾಗ ಇರುತ್ತದೆ. ಯಾವ ಕಂಡಿಕೆ ತನ್ನ ಸ್ವಂತ ತಿಳಿವಳಿಕೆಯಿಂದ ನಿಜ, ಯಾವುದು ಕೇಳಿ ನಂಬಿದ ಮಾಹಿತಿಯಿಂದ ನಿಜ ಎಂದು ಕಕ್ಷಿದಾರರೇ ಹೇಳಿ ಸಹಿ ಮಾಡುವ ಜಾಗ ಅದು. ಕೋರ್ಟು ಕಚೇರಿಗೆ ಹೋಗಬೇಕಾಗಿ ಬಂದ ಓದುಗರಿಗೆ ನನ್ನ ವಿನಂತಿ: ಆ ಸಹಿ ಹಾಕುವ ಮೊದಲು ಇಡೀ ಕಾಗದವನ್ನು ನೀವೇ ಓದಿ. ಓದಲು ಬಾರದಿದ್ದರೆ, "ಸ್ವಾಮಿ, ಒಂದು ಸಲ ಗಟ್ಟಿಯಾಗಿ ಓದಿ ಹೇಳಿ" ಎಂದು ವಕೀಲರನ್ನು ಕೇಳಿ. ಕೊಟ್ಟಿಲ್ಲ ಎಂದು ನೀವು ಹೇಳಿದ್ದು ಕೊಟ್ಟಿದ್ದೇನೆ ಎಂದು ಕೇಳಿಸಿದರೆ, ಅಲ್ಲಿಯೇ ನಿಲ್ಲಿಸಿ, ತಿದ್ದಿಸಿ, ಆಮೇಲೆ ಸಹಿ ಮಾಡಿ.